ಒಂದೇ ಟ್ಯಾಕ್ಸಿ, ಮೂರು ಕಡೆ ಇಳಿಯೋರು: ಬಾಡಿಗೆ ಹಂಚುವ ಸರಿಯಾದ ಕ್ರಮ

ಹಗರೆ ಸರ್ಕಲ್ಲಿನಲ್ಲಿ ಟ್ಯಾಕ್ಸಿ ನಿಂತಿದೆ. ಹಿಂದಿನ ಬಾಗಿಲು ತೆರೆದಿದೆ, ಇಳಿಯುವವರ ಒಂದು ಕಾಲು ನೆಲದ ಮೇಲಿದೆ. "ನಂದೆಷ್ಟಾಯ್ತು?" ಎಂದು ಅವರು ಕೇಳುತ್ತಾರೆ. ಒಳಗೆ ಕೂತವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಡ್ರೈವರ್ ಇಂಜಿನ್ ಆಫ್ ಮಾಡಿಲ್ಲ. ಯಾರೋ ಒಬ್ಬರು ಬಾಯಿಗೆ ಬಂದ ಒಂದು ಸಂಖ್ಯೆ ಹೇಳುತ್ತಾರೆ. ಅದು ಇಳಿದವರಿಗೂ ಸರಿ ಅನಿಸುವುದಿಲ್ಲ, ಕೂತವರಿಗೂ ಸರಿ ಅನಿಸುವುದಿಲ್ಲ.

ಹಾಸನದಲ್ಲಿ ರಾತ್ರಿ ಕೊನೆಯ ಬಸ್ ತಪ್ಪಿಸಿಕೊಂಡು ಬೇಲೂರು, ಚಿಕ್ಕಮಗಳೂರಿನ ಕಡೆ ಟ್ಯಾಕ್ಸಿ ಮಾಡಿಕೊಂಡು ಹೋಗುವವರು ಮತ್ತೆ ಮತ್ತೆ ಎಡವುವುದು ಇಲ್ಲೇ. ಲೆಕ್ಕ ಕಷ್ಟದ್ದೇನಲ್ಲ. ಮಾಡುವ ಹೊತ್ತು ತಪ್ಪು, ಡ್ರೈವರ್ ಹತ್ತಿರ ಕೇಳುವ ಪ್ರಶ್ನೆಯೂ ತಪ್ಪು. ಕೆಳಗಿನ ಕ್ರಮಕ್ಕೆ ಬೇಕಾಗುವುದು ಫೋನಿನ ಕ್ಯಾಲ್ಕುಲೇಟರ್, ಒಂದು ಚೀಟಿ, ಪೆನ್ನು, ಗಾಡಿ ಹೊರಡುವ ಮುಂಚಿನ ಐದು ನಿಮಿಷ.

ಒಂದು ಉದಾಹರಣೆಯನ್ನೇ ಕೊನೆಯವರೆಗೆ ಹಿಡಿದುಕೊಂಡು ಹೋಗೋಣ. ಹಾಸನ ರೈಲ್ವೆ ಸ್ಟೇಷನ್ ಮುಂದೆ ನಾಲ್ಕು ಜನ ಸೇರಿದ್ದಾರೆ. ಒಬ್ಬರು ಟೀಚರ್, ಹಗರೆಯಲ್ಲಿ ಇಳಿಯುತ್ತಾರೆ. ಒಬ್ಬರು ವಯಸ್ಸಾದ ಯಜಮಾನರು, ಅವರದು ಬೇಲೂರು. ಗಂಡ ಹೆಂಡತಿ ಇಬ್ಬರು ಚಿಕ್ಕಮಗಳೂರಿಗೆ ಹೋಗಬೇಕು. ದಾರಿ ಒಂದೇ. ಸುಮಾರು ಲೆಕ್ಕದಲ್ಲಿ ಹಗರೆಗೆ 24 ಕಿಲೋಮೀಟರ್, ಅಲ್ಲಿಂದ ಬೇಲೂರಿಗೆ 15, ಬೇಲೂರಿನಿಂದ ಚಿಕ್ಕಮಗಳೂರಿಗೆ 25 ಎಂದು ಇಟ್ಟುಕೊಳ್ಳೋಣ. ಒಟ್ಟು 64. ನೀವು ಹೋಗುವಾಗ ಗಾಡಿಯ ಮೀಟರ್ ನೋಡಿಕೊಳ್ಳಿ, ಒಂದೆರಡು ಕಿಲೋಮೀಟರ್ ಆಚೀಚೆ ಇರುತ್ತದೆ. ರೇಟುಗಳನ್ನು ಲೆಕ್ಕಕ್ಕೆ ಅನುಕೂಲವಾಗುವ ಹಾಗೆ ನಾನೇ ಹಾಕಿಕೊಂಡಿದ್ದೇನೆ.

## ಹಂತ 1: ಪಾರ್ಟಿ ಅಲ್ಲ, ಸೀಟು ಎಣಿಸಿ

ಹತ್ತುವ ಮುಂಚೆ ಮೊದಲು ತೀರ್ಮಾನ ಆಗಬೇಕಾದದ್ದು ಇದು. "ನಾವಿಬ್ಬರೂ ಒಂದೇ ಮನೆಯವರು, ನಮ್ಮದೊಂದು ಪಾಲು" ಎಂದು ಗಂಡ ಹೆಂಡತಿ ಹೇಳುವುದು ಸಹಜ. ಕೇಳಲು ಸರಿ ಅನಿಸುತ್ತದೆ ಕೂಡ. ಆದರೆ ಅವರು ಎರಡು ಸೀಟಿನಲ್ಲಿ ಕೂತಿದ್ದಾರೆ. ಆ ಒಂದು ಮಾತಿಗೆ ಒಪ್ಪಿದರೆ ಲೆಕ್ಕ ಎಷ್ಟು ಪಲ್ಟಿ ಹೊಡೆಯುತ್ತದೆ ಎಂದು ಮೂರನೇ ಹಂತದ ಕೊನೆಯಲ್ಲಿ ತೋರಿಸುತ್ತೇನೆ.

ತೊಡೆ ಮೇಲೆ ಕೂರುವ ಮಗುವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಸೀಟು ಬೇಕಾದ ಮಗುವಿಗೆ ಪೂರ್ತಿ ಒಂದು ಪಾಲು. ಅದೇ ನಿಯಮ ಮೂಟೆಗೂ. ಡಿಕ್ಕಿಯಲ್ಲಿ ಹೋದರೆ ಲೆಕ್ಕಕ್ಕಿಲ್ಲ, ಮೆಣಸಿನ ಚೀಲ ಹಿಂದಿನ ಸೀಟಿನಲ್ಲಿ ಒಬ್ಬರ ಜಾಗ ಹಿಡಿದರೆ ಅದೂ ಒಬ್ಬ ಪ್ರಯಾಣಿಕನೇ. ನಗಬೇಡಿ, ಮಲೆನಾಡಿನ ಕಡೆ ಹೋಗುವ ಗಾಡಿಗಳಲ್ಲಿ ಇದು ಆಗಾಗ ಬರುವ ತಕರಾರು.

ನಮ್ಮ ಗಾಡಿಯಲ್ಲಿ ನಾಲ್ಕು ಸೀಟು. ಹಗರೆ ಒಂದು, ಬೇಲೂರು ಒಂದು, ಚಿಕ್ಕಮಗಳೂರು ಎರಡು. ಚೀಟಿಯಲ್ಲಿ ಬರೆದುಕೊಳ್ಳಿ.

## ಹಂತ 2: ಡ್ರೈವರ್ ಹತ್ತಿರ ಒಂದು ರೇಟಲ್ಲ, ಮೂರು ರೇಟು ಕೇಳಿ

ಎಲ್ಲರೂ ಮಾಡುವ ತಪ್ಪು, "ಚಿಕ್ಕಮಗಳೂರಿಗೆ ಎಷ್ಟು?" ಎಂದು ಒಂದೇ ಮಾತು ಕೇಳಿ ಹತ್ತಿಬಿಡುವುದು. ಆಮೇಲೆ ಆ ಒಂದು ದೊಡ್ಡ ಸಂಖ್ಯೆಯನ್ನು ಹೇಗೆ ಕತ್ತರಿಸಬೇಕು ಎಂದು ಗೊತ್ತಾಗುವುದಿಲ್ಲ.

ಹೀಗೆ ಕೇಳಿ: "ಅಣ್ಣಾ, ಬರೀ ಹಗರೆಗೆ ಅಂದ್ರೆ ಎಷ್ಟು? ಬರೀ ಬೇಲೂರಿಗೆ ಎಷ್ಟು? ಚಿಕ್ಕಮಗಳೂರಿಗೆ ಎಷ್ಟು? ಎಲ್ಲ ಸೇರಿಸಿ ಹೇಳಿ, ಬಾಟಾನೂ ಸೇರಿ." ಗಾಡಿ ಖಾಲಿ ವಾಪಸ್ ಬರಬೇಕಾದ್ದರಿಂದ ಸ್ಟ್ಯಾಂಡಿನ ಗಾಡಿಯವರು ಸಾಮಾನ್ಯವಾಗಿ ಅಪ್ ಅಂಡ್ ಡೌನ್ ಹಿಡಿದೇ ರೇಟು ಹೇಳುತ್ತಾರೆ. ಪರವಾಗಿಲ್ಲ. ಆ ವಾಪಸ್ ಖರ್ಚು ಮೂರೂ ರೇಟಿನೊಳಗೆ ತಾನಾಗಿ ಕೂತಿರುತ್ತದೆ.

ನಮ್ಮ ಡ್ರೈವರ್ ಹೇಳಿದ್ದು ಹೀಗಿದೆ ಎಂದುಕೊಳ್ಳಿ:

- ಬರೀ ಹಗರೆಗೆ: 1,120 ರೂಪಾಯಿ
- ಬರೀ ಬೇಲೂರಿಗೆ: 1,570 ರೂಪಾಯಿ
- ಚಿಕ್ಕಮಗಳೂರಿಗೆ: 2,320 ರೂಪಾಯಿ

ಎರಡು ಮಾತು ಇಲ್ಲೇ ಪಕ್ಕಾ ಮಾಡಿಕೊಳ್ಳಿ. ಒಂದು, ದಾರಿಯಲ್ಲಿ ಎರಡು ಕಡೆ ನಿಲ್ಲಿಸಿ ಇಳಿಸುತ್ತೀವಿ ಎಂದು ಈಗಲೇ ಹೇಳಿ. ಎರಡು, ಗಾಡಿ ಮಾತಾಡುವವರು ಒಬ್ಬರೇ ಇರಲಿ. ಟ್ಯಾಕ್ಸಿ ಬಾಡಿಗೆ ಇಡೀ ಗಾಡಿಗೆ. ನೀವು ನಾಲ್ಕು ಜನ ಬೇರೆ ಬೇರೆಯಾಗಿ ಡ್ರೈವರ್ ಜೊತೆ ಸೀಟಿನ ರೇಟು ಚೌಕಾಸಿ ಮಾಡಿದರೆ ನಾಲ್ಕರ ಮೊತ್ತ ಒಂದು ಗಾಡಿಯ ಬಾಡಿಗೆಗಿಂತ ಜಾಸ್ತಿ ಆಗುವ ಸಾಧ್ಯತೆಯೇ ಹೆಚ್ಚು. ಹಂಚಿಕೆ ನಿಮ್ಮ ನಿಮ್ಮೊಳಗಿನ ವಿಷಯ, ಅವರಿಗೆ ಸಂಬಂಧವಿಲ್ಲ.

ಮೊಬೈಲ್ ಆ್ಯಪ್‌ನಲ್ಲಿ ಗಾಡಿ ಬುಕ್ ಮಾಡುವವರಿಗೆ ಈ ಹಂತ ಇನ್ನೂ ಸುಲಭ. ಬುಕ್ ಮಾಡುವ ಮುಂಚೆ ಒಂದೊಂದೇ ಜಾಗ ಹಾಕಿ ತೋರಿಸುವ ಅಂದಾಜು ಬಾಡಿಗೆ ಬರೆದುಕೊಳ್ಳಿ. ಮೂರನ್ನೂ ಒಂದೇ ಹೊತ್ತಿನಲ್ಲಿ ನೋಡಿ, ಹತ್ತು ನಿಮಿಷ ಬಿಟ್ಟು ನೋಡಿದರೆ ರೇಟು ಬದಲಾಗಿರಬಹುದು.

## ಹಂತ 3: ಕಳೆಯಿರಿ, ತುಂಡು ಮಾಡಿ, ಕೂತವರಿಗೆ ಹಂಚಿ

ಇದೇ ಮುಖ್ಯ ಹಂತ. ದಾರಿಯನ್ನು ಜನ ಇಳಿಯುವ ಜಾಗಗಳಲ್ಲಿ ತುಂಡು ಮಾಡಬೇಕು. ಒಂದೊಂದು ತುಂಡಿನ ಖರ್ಚನ್ನು ಆ ತುಂಡಿನಲ್ಲಿ ಗಾಡಿಯೊಳಗೆ ಕೂತಿದ್ದವರು ಮಾತ್ರ ಸಮನಾಗಿ ಹಂಚಿಕೊಳ್ಳಬೇಕು.

ತುಂಡಿನ ಖರ್ಚು ಗೊತ್ತಾಗುವುದು ಹೇಗೆ? ಒಂದು ರೇಟಿನಿಂದ ಅದರ ಹಿಂದಿನ ರೇಟನ್ನು ಕಳೆಯಿರಿ, ಅಷ್ಟೇ.

ಹಾಸನದಿಂದ ಹಗರೆಯವರೆಗೆ 1,120. ಆ ತುಂಡಿನಲ್ಲಿ ನಾಲ್ಕೂ ಜನ ಇದ್ದಾರೆ. ತಲಾ 280.

ಹಗರೆಯಿಂದ ಬೇಲೂರಿನವರೆಗೆ 1,570ರಲ್ಲಿ 1,120 ಕಳೆದರೆ 450. ಟೀಚರ್ ಇಳಿದಿದ್ದಾರೆ, ಮೂರು ಜನ ಉಳಿದಿದ್ದಾರೆ. ತಲಾ 150.

ಬೇಲೂರಿನಿಂದ ಚಿಕ್ಕಮಗಳೂರಿನವರೆಗೆ 2,320ರಲ್ಲಿ 1,570 ಕಳೆದರೆ 750. ಇಬ್ಬರೇ. ತಲಾ 375.

ಈಗ ಒಬ್ಬೊಬ್ಬರು ಎಷ್ಟು ತುಂಡು ಕೂತರೋ ಅಷ್ಟನ್ನು ಕೂಡಿಸಿ. ಟೀಚರ್ 280. ಯಜಮಾನರು 280 ಮತ್ತು 150, ಅಂದರೆ 430. ಗಂಡ ಹೆಂಡತಿ ಒಬ್ಬೊಬ್ಬರು 280, 150, 375, ಅಂದರೆ 805. ಎಲ್ಲ ಕೂಡಿಸಿ ನೋಡಿ: 280, 430, 805, 805. ಒಟ್ಟು 2,320. ಒಂದು ರೂಪಾಯಿಯೂ ಆಚೀಚೆ ಇಲ್ಲ. ಆಚೀಚೆ ಬಂದರೆ ಯಾವುದೋ ತುಂಡಿನಲ್ಲಿ ತಲೆ ಎಣಿಸುವುದು ತಪ್ಪಿದೆ ಎಂದೇ ಅರ್ಥ.

"ಸುಮ್ನೆ ನಾಲ್ಕು ಭಾಗ ಮಾಡಿದ್ರೆ ಆಗಲ್ವಾ?" ಎಂದು ಕೇಳುವವರು ಇರುತ್ತಾರೆ. ತಲಾ 580 ಬರುತ್ತದೆ. 24 ಕಿಲೋಮೀಟರಿಗೂ 580, 64 ಕಿಲೋಮೀಟರಿಗೂ 580. ಸ್ನೇಹಿತರ ನಡುವೆ ನಡೆಯುತ್ತದೆ, ಸ್ಟೇಷನ್ ಮುಂದೆ ಸಿಕ್ಕ ಅಪರಿಚಿತರ ನಡುವೆ ನಡೆಯುವುದಿಲ್ಲ.

ಇನ್ನೊಂದು ಲೆಕ್ಕ ಸ್ವಲ್ಪ ಜಾಣತನದ್ದು, ಅದಕ್ಕೇ ಜಾಸ್ತಿ ಮೋಸ ಹೋಗುತ್ತಾರೆ. ಎಲ್ಲರೂ ಪ್ರಯಾಣ ಮಾಡಿದ ಕಿಲೋಮೀಟರ್ ಕೂಡಿಸಿ, 24, 39, 64, 64, ಒಟ್ಟು 191, ಬಾಡಿಗೆಯನ್ನು ಅದರಿಂದ ಭಾಗಿಸಿ, ಕಿಲೋಮೀಟರಿಗೆ ಇಷ್ಟು ಎಂದು ಎಲ್ಲರಿಗೂ ಒಂದೇ ರೇಟು ಹಾಕುವುದು. 2,320ನ್ನು ಹಾಗೆ ಹಂಚಿದರೆ ಟೀಚರ್ ಪಾಲು ಸುಮಾರು 292, ಯಜಮಾನರದು 474, ಗಂಡ ಹೆಂಡತಿಯದು ತಲಾ 777. ನೋಡಲು ಬಹಳ ನ್ಯಾಯವಾಗಿದೆ, ಅಲ್ವಾ? ತೊಂದರೆ ಎಲ್ಲಿದೆ ಎಂದರೆ, ಬೇಲೂರು ದಾಟಿದ ಮೇಲೆ ಗಾಡಿ ಇಬ್ಬರಿಗಾಗಿ ಮಾತ್ರ ಓಡುತ್ತದೆ. ಎರಡು ಸೀಟು ಖಾಲಿ. ಆ ಖಾಲಿ ಸೀಟಿನ ಖರ್ಚಿನ ಒಂದು ಭಾಗವನ್ನು ಈ ಲೆಕ್ಕ ಹಗರೆಯಲ್ಲೇ ಇಳಿದು ಮನೆ ಸೇರಿದವರ ತಲೆಗೂ ಕಟ್ಟುತ್ತದೆ. ನಮ್ಮ ಉದಾಹರಣೆಯಲ್ಲಿ ವ್ಯತ್ಯಾಸ ಚಿಕ್ಕದು. ಮೂರು ಜನ ಬೇಗ ಇಳಿದು ಒಬ್ಬರೇ ಕೊನೆಯವರೆಗೆ ಹೋಗುವ ಗಾಡಿಯಲ್ಲಿ ಅದು ದೊಡ್ಡದಾಗುತ್ತದೆ.

ತುಂಡು ಮಾಡುವ ಈ ಪದ್ಧತಿ ನನ್ನ ಕಂಡುಹಿಡಿಕೆಯೇನಲ್ಲ. ಸಣ್ಣ ವಿಮಾನಕ್ಕೆ ಗಿಡ್ಡ ರನ್‌ವೇ ಸಾಕು, ದೊಡ್ಡದಕ್ಕೆ ಉದ್ದ ಬೇಕು, ಕಟ್ಟಿದ ಖರ್ಚನ್ನು ಹೇಗೆ ಹಂಚಬೇಕು ಎಂಬ ಪ್ರಶ್ನೆಗೆ ಅರ್ಥಶಾಸ್ತ್ರದವರು 1973ರಲ್ಲಿ ಕೊಟ್ಟ ಉತ್ತರವೂ ಇದೇ ಆಕಾರದ್ದು.

ಮೊದಲ ಹಂತದಲ್ಲಿ ಬಿಟ್ಟ ಮಾತಿಗೆ ಬರೋಣ. ಗಂಡ ಹೆಂಡತಿಯನ್ನು ಒಂದೇ ಪಾಲು ಎಂದು ಹಿಡಿದರೆ ಮೊದಲ ತುಂಡು ಮೂರು ಪಾಲಾಗುತ್ತದೆ, ಎರಡನೆಯದು ಎರಡು ಪಾಲು. ಟೀಚರ್ 280ರ ಬದಲು 373 ಕೊಡಬೇಕು. ಯಜಮಾನರು 430ರ ಬದಲು 598. ಆ ಇಬ್ಬರ ಜೇಬಿನಿಂದ 261 ರೂಪಾಯಿ ಹೋಗಿ ದಂಪತಿಗೆ ಉಳಿತಾಯವಾಗುತ್ತದೆ. ಅದಕ್ಕೇ ಸೀಟು ಎಣಿಸಿ ಎಂದದ್ದು.

## ಹಂತ 4: ಡ್ರೈವರ್ ಮೂರು ರೇಟು ಹೇಳದೇ ಇದ್ದರೆ

ಕೆಲವರು ಹೇಳುವುದಿಲ್ಲ. "ನೀವು ಹೋಗೋದು ಚಿಕ್ಕಮಗಳೂರಿಗೆ ತಾನೇ, ಅದರ ರೇಟು ಹೇಳಿದೀನಲ್ಲ" ಎನ್ನುತ್ತಾರೆ. ಆಗ ಎರಡು ಪ್ರಶ್ನೆ ಸಾಕು: ಕಿಲೋಮೀಟರಿಗೆ ಎಷ್ಟು, ಬಾಟಾ ಎಷ್ಟು?

ಕಿಲೋಮೀಟರಿಗೆ 15, ಬಾಟಾ 400 ಎಂದರು ಅಂದುಕೊಳ್ಳಿ. ಗಾಡಿ ಹೋಗಿ ಬರಬೇಕು, ಹಾಗಾಗಿ ದಾರಿಯ ಪ್ರತಿ ಕಿಲೋಮೀಟರಿಗೆ 30 ರೂಪಾಯಿ. ಹಗರೆ ತುಂಡು 24 ಗುಣಿಸು 30, ಅಂದರೆ 720. ಬೇಲೂರು ತುಂಡು 450. ಕೊನೆಯದು 750. ಇವನ್ನು ಮೂರನೇ ಹಂತದ ಹಾಗೇ ಕೂತವರಿಗೆ ಹಂಚಿ. ಬಾಟಾ 400ನ್ನು ಮಾತ್ರ ನಾಲ್ಕೂ ಜನಕ್ಕೆ ತಲಾ 100. ಕೂಡಿಸಿ ನೋಡಿದರೆ ಮತ್ತೆ ಅದೇ 280, 430, 805, 805 ಬರುತ್ತದೆ.

ಬಾಟಾವನ್ನು ಸಮನಾಗಿ ಹಂಚುವುದು ಯಾವಾಗಲೂ ಸರಿಯೇ? ಇಲ್ಲ. ಒಂದು ಪ್ರಶ್ನೆ ಹಾಕಿಕೊಳ್ಳಿ: ಟೀಚರ್ ಒಬ್ಬರೇ ಹಗರೆಗೆ ಹೋಗಿದ್ದರೂ ಈ ದುಡ್ಡು ಕೇಳುತ್ತಿದ್ದರಾ? ಕೇಳುತ್ತಿದ್ದರು ಎಂದಾದರೆ ಎಲ್ಲರಿಗೂ ಸಮ. ದೂರ ಹೋಗುವುದರಿಂದ ಮಾತ್ರ ಕೇಳುತ್ತಿದ್ದಾರೆ ಎಂದಾದರೆ, ಹಾಗೆ ದೂರ ಹೋಗುವವರು ಮಾತ್ರ ಹಂಚಿಕೊಳ್ಳಲಿ. ನೈಟ್ ಚಾರ್ಜಿಗೂ ಇದೇ ಪ್ರಶ್ನೆ.

ಇಲ್ಲಿ ಆಗುವ ಸಾಮಾನ್ಯ ತಪ್ಪು ವಾಪಸ್ ಖರ್ಚನ್ನು ಬೇರೆ ತೆಗೆದು, "ಖಾಲಿ ಬರೋದಕ್ಕೆ ಎಲ್ಲರೂ ಸಮ ಕೊಡಿ" ಎನ್ನುವುದು. ಗಾಡಿ ಚಿಕ್ಕಮಗಳೂರಿನಿಂದ ಬೇಲೂರಿಗೆ ಖಾಲಿ ಬರುವುದು ಚಿಕ್ಕಮಗಳೂರಿನವರ ಕಾರಣಕ್ಕೆ. ಅದರಲ್ಲಿ ಟೀಚರ್ ಪಾಲಿಲ್ಲ. ಹೋಗುವ ತುಂಡು ಯಾರದೋ ಅದೇ ತುಂಡಿನ ವಾಪಸ್ಸೂ ಅವರದೇ.

## ಹಂತ 5: ಒಳದಾರಿ, ಟೋಲ್, ಕಾಯಿಸುವುದು

ಯಜಮಾನರ ಮನೆ ಬೇಲೂರು ಪೇಟೆಯಲ್ಲಲ್ಲ, ಮುಖ್ಯ ರಸ್ತೆಯಿಂದ 3 ಕಿಲೋಮೀಟರ್ ಒಳಗೆ. ವಯಸ್ಸಾದವರು, ರಾತ್ರಿ, ನಡೆದು ಹೋಗಿ ಎನ್ನಲಾಗುವುದಿಲ್ಲ. ಒಳಗೆ ಹೋಗಿ ಬಿಟ್ಟು ಬರುವ ಖರ್ಚು ಪೂರ್ತಿ ಅವರದು. ಅಷ್ಟು ಎಲ್ಲರಿಗೂ ಗೊತ್ತು. ಎಷ್ಟು ಎನ್ನುವುದರಲ್ಲಿ ಎಡವುತ್ತಾರೆ.

ನಾನೇ ಒಮ್ಮೆ ಎಡವಿದ್ದೇನೆ. 3 ಹೋಗಲು, 3 ಬರಲು, 6 ಕಿಲೋಮೀಟರ್. ದಾರಿಯ ಲೆಕ್ಕದ 30ರ ರೇಟೇ ತಲೆಯಲ್ಲಿ ಕೂತಿತ್ತು, 180 ಎಂದು ಹೇಳಿಬಿಟ್ಟೆ. ಅವರೂ ಮರುಮಾತಿಲ್ಲದೆ ಕೊಟ್ಟರು. ಮನೆಗೆ ಬಂದು ಚೀಟಿ ನೋಡಿದಾಗ ತಪ್ಪು ಕಾಣಿಸಿತು. ಒಳದಾರಿಯಲ್ಲಿ ಗಾಡಿ ಹೋಗುವುದೂ ಬರುವುದೂ ನಾವು ಒಳಗೆ ಕೂತಿರುವಾಗಲೇ ಮುಗಿದಿರುತ್ತದೆ. ವಾಪಸ್ ಬರುವಾಗ ಡ್ರೈವರ್ ಮತ್ತೆ ಆ ಊರೊಳಗೆ ಹೋಗುವುದಿಲ್ಲ. 6 ಗುಣಿಸು 15, ಬರೀ 90. ಮಾರನೇ ದಿನ ಮಿಕ್ಕ 90 ವಾಪಸ್ ಕಳಿಸಿದೆ. ನೆನಪಿಡಿ: ದಾರಿಯ ಉದ್ದಕ್ಕೆ ದುಪ್ಪಟ್ಟು ರೇಟು, ಒಳಗೆ ಹೋಗಿ ಬರುವುದಕ್ಕೆ ಮೀಟರಿನಲ್ಲಿ ಓಡಿದಷ್ಟೇ.

ಕೊನೆಗೆ ಇಳಿಯುವವರ ಮನೆ ಒಳಗಿದ್ದರೆ ಈ ಗೊಂದಲ ಇಲ್ಲ. ಅದು ಅವರ ಕೊನೆಯ ತುಂಡು ಉದ್ದವಾದ ಹಾಗೆ ಅಷ್ಟೇ. ಹಳೇಬೀಡಿನ ಮೇಲೆ ಸುತ್ತಿಕೊಂಡು ಬೇಲೂರಿಗೆ ಹೋಗುವುದಾದರೆ ಮೂರು ರೇಟಿನ ಜೊತೆ ನಾಲ್ಕನೆಯದನ್ನೂ ಕೇಳಿ, ಹಳೇಬೀಡಿನ ಮೇಲೆ ಹೋದರೆ ಎಷ್ಟು ಎಂದು. ನೇರ ರೇಟಿಗಿಂತ ಎಷ್ಟು ಜಾಸ್ತಿಯೋ ಅಷ್ಟು ಹಳೇಬೀಡಿನವರದು.

ಟೋಲ್ ಸುಲಭ: ಗೇಟು ದಾಟುವಾಗ ಗಾಡಿಯಲ್ಲಿ ಯಾರಿದ್ದರೋ ಅವರು ಹಂಚಿಕೊಳ್ಳಬೇಕು. ಚನ್ನರಾಯಪಟ್ಟಣದ ಕಡೆಯಿಂದ ಹಾಸನಕ್ಕೆ ಬರುವವರು ಶಾಂತಿಗ್ರಾಮದ ಟೋಲ್ ದಾಟುತ್ತಾರೆ, ಅದಕ್ಕೂ ಮುಂಚೆ ಇಳಿದವರಿಗೆ ಅದರ ಪಾಲಿಲ್ಲ. ಫಾಸ್ಟ್ಯಾಗ್‌ನಿಂದ ಕಟ್ಟಾಗುವುದರಿಂದ ಎಷ್ಟಾಯಿತು ಎಂದು ಅಂದಾಜಿನಲ್ಲಿ ಹೇಳುವ ಬದಲು ಡ್ರೈವರ್ ಫೋನಿಗೆ ಬಂದ ಮೆಸೇಜ್ ತೋರಿಸಲು ಹೇಳಿ.

ದಾರಿಯಲ್ಲಿ ಯಾರಾದರೂ ಕಾಯಿಸಿ ಅದಕ್ಕೆ ಡ್ರೈವರ್ ವೇಟಿಂಗ್ ಕೇಳಿದರೆ, ಕಾಯಿಸಿದವರು ಕೊಡಲಿ. ಎಲ್ಲರೂ ಇಳಿದು ಕಾಫಿ ಕುಡಿದದ್ದಾದರೆ ಎಲ್ಲರೂ.

## ಹಂತ 6: ಹೊರಡುವ ಮುಂಚೆ ಎರಡು ಸಲ ತಟ್ಟಿ ನೋಡಿ

ಚೀಟಿಯಲ್ಲಿ ಸಂಖ್ಯೆ ಬರೆದಾದ ಮೇಲೆ ಒಬ್ಬೊಬ್ಬರ ಪಾಲನ್ನೂ ಅವರು ಒಬ್ಬರೇ ಗಾಡಿ ಮಾಡಿದ್ದರೆ ಆಗುತ್ತಿದ್ದ ಖರ್ಚಿನ ಪಕ್ಕ ಇಡಿ. ಟೀಚರ್ 1,120ರ ಬದಲು 280. ಯಜಮಾನರು 1,570ರ ಬದಲು 430. ಯಾರ ಪಾಲಾದರೂ ಒಬ್ಬರೇ ಹೋಗುವ ಖರ್ಚಿಗಿಂತ ಜಾಸ್ತಿ ಇದ್ದರೆ ಲೆಕ್ಕ ತಪ್ಪಿದೆ. ಊರಾಚೆ 6 ಕಿಲೋಮೀಟರಿಗೆ ಇಳಿಯುವವರನ್ನೂ ಸಮಪಾಲಿಗೆ ಸೇರಿಸಿದಾಗ ಹೀಗಾಗುತ್ತದೆ, ಆಟೋದಲ್ಲಿ ಹೋಗಿದ್ದರೆ ಅದಕ್ಕಿಂತ ಕಡಿಮೆಗೆ ಹೋಗಬಹುದಿತ್ತು.

ಎರಡನೆಯದು ಕೊನೆಯವರೆಗೆ ಹೋಗುವವರ ಗೊಣಗಾಟ. "ನಾವು 1,610 ಕೊಡ್ತೀವಿ, ಅವರು 280 ಕೊಟ್ಟು ಇಳ್ಕೊಂಡು ಹೋಗ್ತಾರೆ." ಅವರಿಗೆ ಇದನ್ನು ತೋರಿಸಿ: ಉಳಿದಿಬ್ಬರು ಬರದೇ ಇದ್ದಿದ್ದರೆ ದಂಪತಿ 2,320 ಪೂರ್ತಿ ಕೊಡಬೇಕಿತ್ತು. ಟೀಚರ್, ಯಜಮಾನರು ದಾರಿಯ ಮೇಲೇ ಇಳಿಯುವುದರಿಂದ ಗಾಡಿ ಒಂದು ಕಿಲೋಮೀಟರೂ ಜಾಸ್ತಿ ಓಡಲಿಲ್ಲ. ಆದರೂ 710 ರೂಪಾಯಿ ಉಳಿಯಿತು.

ಈ ಪದ್ಧತಿಗೂ ಒಂದು ಮಿತಿ ಇದೆ. ಹಗಲು ಹೊತ್ತು, ಹಗರೆಗೆ ಬಸ್ ಸಿಗುವಾಗ, ಟೀಚರಿಗೆ 1,120ರ ಟ್ಯಾಕ್ಸಿ ಎಂಬ ಮಾತೇ ಇಲ್ಲ. ಅವರು ಬಸ್ಸಿಗೆ ಹೋಗುತ್ತಾರೆ. ಅಂಥ ಹೊತ್ತಿನಲ್ಲಿ 280 ಕೊಡಿ ಎಂದು ಹಟ ಹಿಡಿದರೆ ಅವರು ಬರುವುದಿಲ್ಲ, ಆ ಪಾಲೂ ನಿಮ್ಮ ಮೇಲೇ ಬರುತ್ತದೆ. ಅವರು ಒಪ್ಪುವ ಮೊತ್ತ, 150 ಅನ್ನಿ, ಮೊದಲು ಬರೆದುಕೊಂಡು ಮಿಕ್ಕ 970ನ್ನು ಆ ತುಂಡಿನ ಮೂವರು ಹಂಚಿಕೊಳ್ಳಿ. ಸೀಟು ಖಾಲಿ ಓಡಿಸುವುದಕ್ಕಿಂತ ಅದು ಮೇಲು.

## ಹಂತ 7: ದುಡ್ಡು ಯಾರ ಕೈಗೆ, ಯಾವಾಗ

ಕೊನೆಗೆ ಇಳಿಯುವವರೇ ಖಜಾಂಚಿ. ಮೊದಲು ಇಳಿಯುವವರು ಗಾಡಿ ಹೊರಡುವ ಮುಂಚೆಯೇ ತಮ್ಮ ಪಾಲನ್ನು ಅವರಿಗೆ ಕೊಡಬೇಕು, ನಗದೋ ಯುಪಿಐಯೋ. ದಾರಿಯಲ್ಲಿ ನೆಟ್‌ವರ್ಕ್ ಸಿಗುತ್ತದೆ ಎಂದು ನಂಬಿಕೊಂಡು ಕೂರಬೇಡಿ. ಹಗರೆಯಲ್ಲಿ ನಿಂತು ಸ್ಕ್ರೀನಿನಲ್ಲಿ ಚಕ್ರ ತಿರುಗುವುದನ್ನು ನೋಡುತ್ತಾ ಕೂರುವ ಸುಖ ಬೇಡ. ಚಿಲ್ಲರೆ ಬಂದರೆ ಹತ್ತಕ್ಕೆ ಸರಿಹೊಂದಿಸಿ, ಮಿಕ್ಕ ಎರಡು ಮೂರು ರೂಪಾಯಿ ಖಜಾಂಚಿ ನೋಡಿಕೊಳ್ಳಲಿ.

ಇಳಿದವರ ಲೆಕ್ಕ ಇಳಿದ ಕ್ಷಣಕ್ಕೆ ಮುಗಿಯಿತು. ಆಮೇಲೆ ಡ್ರೈವರ್ ಏನೇ ಜಾಸ್ತಿ ಕೇಳಿದರೂ ಗಾಡಿಯಲ್ಲಿ ಉಳಿದವರು ನೋಡಿಕೊಳ್ಳಬೇಕು. ಮಾರನೇ ದಿನ ಫೋನ್ ಮಾಡಿ "ಇನ್ನೂ ಐವತ್ತು ಬರಬೇಕಿತ್ತು" ಎನ್ನುವ ಹಾಗಿಲ್ಲ. ಹಾಗೆಯೇ ಬೇಲೂರಿನಲ್ಲಿ ಹೊಸಬರು ಒಬ್ಬರು ಹತ್ತುವುದಾದರೆ, ಡ್ರೈವರ್ ಮತ್ತು ಒಳಗಿರುವವರು ಎಲ್ಲ ಒಪ್ಪಿದ ಮೇಲೆ, ಕೊನೆಯ 750 ಮೂರು ಪಾಲಾಗುತ್ತದೆ, ತಲಾ 250. ದಂಪತಿಗೆ ತಲಾ 125 ಉಳಿತಾಯ. ಟೀಚರಿಗೆ ಅದರಲ್ಲಿ ವಾಪಸ್ ಕೊಡುವುದೇನೂ ಇಲ್ಲ, ಅವರು ಆ ತುಂಡಿಗೆ ಏನೂ ಕೊಟ್ಟಿರಲಿಲ್ಲವಲ್ಲ.

ಚೀಟಿಯ ಫೋಟೋ ತೆಗೆದು ನಾಲ್ವರ ಫೋನಿಗೂ ಕಳಿಸಿ. ಆಮೇಲೆ ಡ್ರೈವರಿಗೆ "ಹೊರಡೋಣ" ಎನ್ನಿ.